‘ಓಕೆ’ ಅಂತ ಟಿಕ್ ಹಾಕಿದ್ದ ಟ್ಯಾಂಕ್ ರಾತ್ರಿ ತುಂಬಿ ಹರಿಯಿತು: ಎಫ್‌ಎಟಿ, ಎಸ್‌ಎಟಿ ಅಂದ್ರೇನು?

ಇವತ್ತಿನ ಕಂತಿನಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಊರಿನ ಕುಡಿಯುವ ನೀರಿನ ಪಂಪ್‌ಹೌಸ್‌ಗೆ ಹೊಸ ಕಂಟ್ರೋಲ್ ಪ್ಯಾನೆಲ್ ಹಾಕಿದ್ವಿ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಕಡಿಮೆಯಾದರೆ ಪಂಪ್ ತಾನೇ ಶುರುವಾಗಬೇಕು, 4.5 ಮೀಟರ್ ತುಂಬಿದಾಗ ತಾನೇ ನಿಲ್ಲಬೇಕು. ಟ್ಯಾಂಕಿನ ಆಳ 5 ಮೀಟರ್. ಚಾಲೂ ಮಾಡಿ ಮೂರನೇ ರಾತ್ರಿ, ಎರಡು ಗಂಟೆ ಹೊತ್ತಿಗೆ ಊರಿನ ನೀರುಗಂಟಿ ಫೋನ್ ಮಾಡಿದರು. “ಸಾರ್, ಟ್ಯಾಂಕ್ ತುಂಬಿ ಹರೀತಾ ಇದೆ, ಪಂಪ್ ನಿಲ್ತಾನೇ ಇಲ್ಲ” ಅಂದರು. ಸ್ಕ್ರೀನ್ ನೋಡಿ ಹೇಳಿ ಅಂದೆ. 4.17 ಮೀಟರ್ ತೋರಿಸ್ತಿತ್ತು. ಅಂದರೆ ಪಂಪಿನ ಲೆಕ್ಕದಲ್ಲಿ ಟ್ಯಾಂಕ್ ಇನ್ನೂ ತುಂಬಿಯೇ ಇರಲಿಲ್ಲ!

ಇದು ಹೇಗಾಯಿತು ಅಂತ ತಿಳಿಯೋಕೆ ಎರಡು ಪರೀಕ್ಷೆಗಳ ಬಗ್ಗೆ ಗೊತ್ತಿರಬೇಕು. ಪ್ಯಾನೆಲ್ ಇನ್ನೂ ತಯಾರಕರ ವರ್ಕ್‌ಶಾಪಿನಲ್ಲಿ ಇರುವಾಗ, ಗ್ರಾಹಕರ ಎದುರು ಮಾಡೋದು ಫ್ಯಾಕ್ಟರಿ ಆಕ್ಸೆಪ್ಟೆನ್ಸ್ ಟೆಸ್ಟ್, ಅಂದರೆ ಎಫ್‌ಎಟಿ. ಅದನ್ನು ಜಾಗಕ್ಕೆ ತಂದು ಕೂರಿಸಿ, ನಿಜವಾದ ಪಂಪು ಸೆನ್ಸರ್‌ಗಳನ್ನು ಜೋಡಿಸಿದ ಮೇಲೆ ಮಾಡೋದು ಸೈಟ್ ಆಕ್ಸೆಪ್ಟೆನ್ಸ್ ಟೆಸ್ಟ್, ಎಸ್‌ಎಟಿ. ಇವೆರಡಕ್ಕೂ ಐಇಸಿ 62381 ಅನ್ನೋ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಆದರೆ ಯಾವ ತಪ್ಪನ್ನು ಎಲ್ಲಿ ಹಿಡಿಯಬೇಕು ಅನ್ನೋದನ್ನು ಯೋಜನೆ ಮಾಡುವವರೇ ಯೋಚಿಸಬೇಕು.

ಈಗ ಸೆನ್ಸರ್ ಕಡೆ ಬರೋಣ. ಟ್ಯಾಂಕಿನ ಲೆವೆಲ್ ಟ್ರಾನ್ಸ್‌ಮಿಟರ್ ನೀರಿನ ಮಟ್ಟವನ್ನು ವಿದ್ಯುತ್ ಪ್ರವಾಹವಾಗಿ ಕಳಿಸುತ್ತೆ. ಖಾಲಿ ಟ್ಯಾಂಕಿಗೆ 4 ಮಿಲಿ ಆಂಪಿಯರ್, ಅಳತೆಯ ತುದಿಗೆ 20. ನಮ್ಮ ಪ್ರೋಗ್ರಾಂನಲ್ಲಿ ಆ ತುದಿ 5 ಮೀಟರ್ ಅಂತ ಬರೆದಿದ್ವಿ. ಹಾಗಾಗಿ 12 ಮಿಲಿ ಆಂಪಿಯರ್ ಬಂದರೆ 2.5 ಮೀಟರ್, 18.4 ಬಂದರೆ 4.5 ಮೀಟರ್.

ವರ್ಕ್‌ಶಾಪಿನಲ್ಲಿ ಟ್ಯಾಂಕ್ ಇರಲ್ಲ. ಅಲ್ಲಿ ಕ್ಯಾಲಿಬ್ರೇಟರ್ ಅನ್ನೋ ಕೈಯಲ್ಲಿ ಹಿಡಿಯುವ ಉಪಕರಣದಿಂದ ಅಷ್ಟೇ ಪ್ರವಾಹ ಕೊಟ್ಟು ನೋಡ್ತೀವಿ. ನಮ್ಮ ಎಫ್‌ಎಟಿಯಲ್ಲಿ 18.4 ಕೊಟ್ಟಾಗ ಸ್ಕ್ರೀನ್‌ನಲ್ಲಿ 4.5 ಬಂತು, ಪಂಪ್ ನಿಲ್ಲಿಸುವ ಆದೇಶವೂ ಬಂತು. ಸರಿಯಾಗಿತ್ತು.

ಆಮೇಲೆ ಗ್ರಾಹಕರ ಕಡೆಯ ಹಿರಿಯ ಎಂಜಿನಿಯರ್ ಒಬ್ಬರು, “ಆ ವೈರ್ ಒಂದು ಕಿತ್ತು ನೋಡಿ” ಅಂದರು. ಕಿತ್ತೆ. ಪ್ರವಾಹ ಸೊನ್ನೆಯಾಯಿತು, ಸ್ಕ್ರೀನ್‌ನಲ್ಲಿ ಮಟ್ಟವೂ ಸೊನ್ನೆ. ಟ್ಯಾಂಕ್ ಖಾಲಿ ಅಂದುಕೊಂಡು ಪಿಎಲ್‌ಸಿ ಪಂಪಿಗೆ ಶುರುವಾಗು ಅಂತ ಆದೇಶ ಕೊಟ್ಟುಬಿಟ್ಟಿತು. ಊರಲ್ಲಿ ಇಲಿ ವೈರ್ ಕಡಿದಿದ್ದರೆ ತುಂಬಿದ ಟ್ಯಾಂಕಿಗೆ ರಾತ್ರಿಯಿಡೀ ನೀರು ಹೋಗ್ತಿತ್ತು. ಆರೋಗ್ಯವಾಗಿರುವ ಟ್ರಾನ್ಸ್‌ಮಿಟರ್ 4ಕ್ಕಿಂತ ತುಂಬಾ ಕೆಳಗೆ ಇಳಿಯಲ್ಲ. ಅದಕ್ಕೆ 3.6ಕ್ಕಿಂತ ಕಡಿಮೆ ಬಂದರೆ ಅದನ್ನು ನೀರಿನ ಮಟ್ಟ ಅಂತ ಓದಬಾರದು, ಸೆನ್ಸರ್ ಕೆಟ್ಟಿದೆ ಅಂತ ಅಲಾರಂ ಕೊಟ್ಟು ಪಂಪ್ ನಿಲ್ಲಿಸಬೇಕು ಅಂತ ಪ್ರೋಗ್ರಾಂ ತಿದ್ದಿದ್ವಿ. ತಿದ್ದಿದ ಮೇಲೆ ವೈರ್ ಮತ್ತೆ ಕಿತ್ತು ನೋಡಿದ್ವಿ.

ಇಂಥ ತಪ್ಪು ಹಿಡಿಯೋಕೆ ವರ್ಕ್‌ಶಾಪೇ ಸರಿಯಾದ ಜಾಗ. ಅಲ್ಲಿ ಪಂಪ್ ಬದಲು ಬರೀ ಒಂದು ದೀಪ ಉರಿಯುತ್ತೆ. ಎಷ್ಟು ಸಲ ಬೇಕಾದರೂ ಕೆಡಿಸಿ ನೋಡಬಹುದು, ಯಾರ ಮನೆಯ ನೀರೂ ನಿಲ್ಲಲ್ಲ.

ಹಾಗಾದರೆ ಆ ರಾತ್ರಿ ಯಾಕೆ ಹರಿಯಿತು? ಬೆಳಗ್ಗೆ ಹೋಗಿ ತುಂಬಿದ್ದ ಟ್ಯಾಂಕಿನ ಟ್ರಾನ್ಸ್‌ಮಿಟರ್ ಪ್ರವಾಹ ಅಳೆದೆ. 20 ಬರಬೇಕಿತ್ತು, 17.3 ಇತ್ತು. ಮೇಲೆ ಹತ್ತಿ ಅದರ ನೇಮ್‌ಪ್ಲೇಟ್ ಓದಿದೆ. 0ಯಿಂದ 6 ಮೀಟರ್ ಅಂತಿತ್ತು! ನಾವು ಕೇಳಿದ್ದು 5ರದ್ದು, ಬಂದಿದ್ದು 6ರದ್ದು. ಹಾಗಾಗಿ ಸ್ಕ್ರೀನ್ ಯಾವಾಗಲೂ ನಿಜವಾದ ಮಟ್ಟದ ಆರನೇ ಐದು ಭಾಗ ಮಾತ್ರ ತೋರಿಸ್ತಿತ್ತು. 5 ಮೀಟರ್ ತುಂಬಿದರೆ 4.17. ಪಂಪ್ ನಿಲ್ಲಬೇಕಾದ 4.5 ಅನ್ನೋ ಅಂಕಿ ಸ್ಕ್ರೀನ್‌ನಲ್ಲಿ ಬರಬೇಕಾದರೆ ನೀರು 5.4 ಮೀಟರ್ ಏರಬೇಕು. ಟ್ಯಾಂಕೇ ಅಷ್ಟು ಎತ್ತರ ಇಲ್ಲ.

ಎಫ್‌ಎಟಿಯಲ್ಲಿ ಇದು ಸಿಗೋದು ಸಾಧ್ಯವೇ ಇರಲಿಲ್ಲ. ಅಲ್ಲಿ ನಾವು ಟ್ರಾನ್ಸ್‌ಮಿಟರನ್ನು ಜೋಡಿಸಿರಲೇ ಇಲ್ಲ, ಅದರ ಕೆಲಸವನ್ನು ಕ್ಯಾಲಿಬ್ರೇಟರ್ ಮಾಡ್ತಿತ್ತು. ಇದು ಎಸ್‌ಎಟಿಯಲ್ಲಿ ಸಿಗಬೇಕಿದ್ದ ತಪ್ಪು. ನಾನು ಎಸ್‌ಎಟಿ ಮಾಡಿದ್ದೆ ಕೂಡ. ಹಾಳೆಯಲ್ಲಿ ಒಂದು ಸಾಲಿತ್ತು: “ಟ್ಯಾಂಕ್ ಮಟ್ಟ ಸರಿಯಾಗಿ ತೋರಿಸುತ್ತಿದೆಯೇ?” ಆ ಹೊತ್ತಿಗೆ ಟ್ಯಾಂಕಿನಲ್ಲಿ ಸುಮಾರು 0.6 ಮೀಟರ್ ನೀರಿತ್ತು, ಸ್ಕ್ರೀನ್ 0.5 ಅಂತಿತ್ತು. ಇಣುಕಿ ನೋಡಿ, ಹತ್ತಿರ ಹತ್ತಿರ ಇದೆಯಲ್ಲ ಅಂತ ‘ಓಕೆ’ ಬರೆದೆ. ಈ ಥರದ ತಪ್ಪು ತಳದಲ್ಲಿ ಕಾಣಲ್ಲ, ನೀರು ಏರಿದಷ್ಟೂ ಬೆಳೆಯುತ್ತೆ. ಪೂರ್ತಿ ತುಂಬಿಸಿ ನೋಡಬೇಕಿತ್ತು. ಆದರೆ ಆ ಪಂಪಿಗೆ ಒಂದು ಮೀಟರ್ ಏರಿಸೋಕೆ ಸುಮಾರು ಒಂದು ಗಂಟೆ ಬೇಕು. ಸಂಜೆಯಾಗಿತ್ತು, ಊರಿಗೆ ನೀರು ಬಿಡುವ ಸಮಯವೂ ಆಗಿತ್ತು. ನಾನು ಆ ನಾಲ್ಕು ಗಂಟೆಗಳನ್ನು ಯೋಜನೆಯಲ್ಲಿ ಇಟ್ಟೇ ಇರಲಿಲ್ಲ.

ಆಮೇಲೆ ಆ ಸಾಲನ್ನು ಹೀಗೆ ಬದಲಾಯಿಸಿದೆ. ಮೊದಲನೆಯ ಸಾಲು: ಟ್ರಾನ್ಸ್‌ಮಿಟರ್ ನೇಮ್‌ಪ್ಲೇಟಿನಲ್ಲಿರುವ ಅಳತೆಯನ್ನು ಓದಿ ಬರೆಯಿರಿ, ಪ್ರೋಗ್ರಾಂನಲ್ಲಿರುವ ಅಳತೆಯನ್ನು ಪಕ್ಕದಲ್ಲಿ ಬರೆಯಿರಿ, ಎರಡೂ ಒಂದೇ ಇರಬೇಕು. ಎರಡನೆಯ ಸಾಲು: ನೀರು 1, 2.5 ಮತ್ತು 4.4 ಮೀಟರ್ ಇರುವಾಗ ಟೇಪ್ ಇಳಿಬಿಟ್ಟು ಅಳೆಯಿರಿ, ಸ್ಕ್ರೀನಿಗೂ ಟೇಪಿಗೂ 5 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೂರನೆಯ ಸಾಲು: ಹಾಗೇ ತುಂಬಲು ಬಿಡಿ, ಪಂಪ್ ನಿಂತಾಗ ಟೇಪಿನಲ್ಲಿ ಎಷ್ಟಿತ್ತು ಅಂತ ಬರೆಯಿರಿ.

ವ್ಯತ್ಯಾಸ ಗಮನಿಸಿದ್ರಾ? ಹಳೇ ಹಾಳೆ ಅಭಿಪ್ರಾಯ ಕೇಳ್ತಿತ್ತು, ಹೊಸದು ಅಂಕಿ ಕೇಳುತ್ತೆ. ಬರಬೇಕಾದ ಉತ್ತರ ಪರೀಕ್ಷೆಗೆ ಮೊದಲೇ ಒಂದು ಕಾಲಂನಲ್ಲಿ ಅಚ್ಚಾಗಿರುತ್ತೆ, ಬಂದ ಉತ್ತರವನ್ನು ಪಕ್ಕದ ಕಾಲಂನಲ್ಲಿ ಕೈಯಲ್ಲಿ ಬರೀತೀವಿ, ಇಬ್ಬರೂ ಸಹಿ ಹಾಕ್ತೀವಿ. ಹಾಳೆಯ ತಲೆಯಲ್ಲಿ ಪ್ರೋಗ್ರಾಂ ಆವೃತ್ತಿಯ ಸಂಖ್ಯೆ ಇರುತ್ತೆ. ಮುಂದೆ ಪ್ರೋಗ್ರಾಂ ತಿದ್ದಿದರೆ, ಆ ತಿದ್ದುಪಡಿ ಮುಟ್ಟುವ ಸಾಲುಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು.

ಅಂಕಿ ಕೇಳಿದ ಕೂಡಲೇ ಯೋಜನೆಯೂ ತಾನಾಗಿ ಸರಿಹೋಗುತ್ತೆ. 4.4 ಮೀಟರ್ ಅಂತ ಹಾಳೆಯಲ್ಲಿದ್ದರೆ ಅಷ್ಟು ನೀರು ಬೇಕು, ಅದಕ್ಕೆ ಗಂಟೆಗಳು ಬೇಕು, ಅಷ್ಟು ಹೊತ್ತು ಊರಿಗೆ ನೀರು ಬಿಡಬಾರದು. ಅಂದರೆ ಹಿಂದಿನ ದಿನವೇ ನೀರುಗಂಟಿ ಜತೆ ಕೂತು ಮಾತಾಡಲೇಬೇಕು. ಎರಡನೇ ಎಸ್‌ಎಟಿ ದಿನ ಅವರು ಬೆಳಗ್ಗೆ ಐದಕ್ಕೇ ಊರಿಗೆ ನೀರು ಬಿಟ್ಟು ಮುಗಿಸಿ, ಟೇಪ್ ಹಿಡಿಯೋಕೆ ತಾವೇ ಟ್ಯಾಂಕ್ ಹತ್ತಿದರು. ಪಂಪ್ ನಿಂತಾಗ ಮೇಲಿನಿಂದ ಕೂಗಿ ಹೇಳಿದರು: “ನಾಲ್ಕೂವರೆಗೆ ಒಂದು ಸೆಂಟಿಮೀಟರ್ ಮೇಲೆ ಸಾರ್.”

ಹಾಳೆಯಲ್ಲಿ 4.51 ಅಂತ ಬರೆದೆ. ಸಾಕ್ಷಿಯ ಜಾಗದಲ್ಲಿ ಅವರದ್ದೇ ಸಹಿ ಇದೆ.