ಮ್ಯಾಪಿನ ಮೇಲಿನ ಅಂಗಡಿ ಯಾರದು?

ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಹೊರಗಿನವರನ್ನು ದೇಗಾಂವಕ್ಕೆ ಕರೆತರುತ್ತದೆ. ಗುಡಿ ನೋಡಿ ಹೊರಬಂದವರು ಹಸಿವಾದಾಗ ಫೋನು ತೆಗೆದು ‘ಖಾನಾವಳಿ’ ಎಂದು ಹುಡುಕುತ್ತಾರೆ. ಊರೊಳಗೇ ಬಿಸಿ ರೊಟ್ಟಿ ಬಡಿಯುತ್ತಿದ್ದರೂ ಅದು ಮ್ಯಾಪಿನಲ್ಲಿಲ್ಲದಿದ್ದರೆ ಅವರ ಗಾಡಿ ಕಿತ್ತೂರಿನತ್ತ ಹೊರಡುತ್ತದೆ. ಇದನ್ನು ಸರಿಮಾಡಿಕೊಡುವ ಕೆಲಸವನ್ನು ಈಗ ಏಜೆಂಟರು ತಿಂಗಳ ಲೆಕ್ಕದಲ್ಲಿ ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದರ ಸುತ್ತ ಕೆಲವು ತಪ್ಪು ಎಣಿಕೆಗಳಿವೆ.

“ತಿಂಗಳಾ ರೊಕ್ಕ ಕೊಟ್ರ ನಮ್ಮ ಅಂಗಡಿನ ಮೊದಲ ಬರತೈತಿ.”

ಬರುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವುದೇ ಉಚಿತ, ಅಲ್ಲಿನ ಸಹಜ ಸಾಲಿನಲ್ಲಿ ಮುಂದಿನ ಜಾಗ ಮಾರಾಟಕ್ಕಿಲ್ಲ. ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರವಿದೆ, ಎಷ್ಟು ಹೆಸರು ಮಾಡಿದೆ ಎಂಬ ಮೂರರ ಮೇಲೆ ಸಾಲು ನಿಲ್ಲುತ್ತದೆ. ಗುಡಿಯ ಮುಂದೆ ನಿಂತವರಿಗೆ ಮೊದಲು ಕಾಣುವ ಖಾನಾವಳಿ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಕಾಣದೇ ಇರಬಹುದು. ಬೋರ್ಡಿನಲ್ಲಿಲ್ಲದ ‘ಬೆಸ್ಟ್’, ‘ನಂಬರ್ ಒನ್’ ಎಂಬ ಪದಗಳನ್ನು ಹೆಸರಿಗೆ ಅಂಟಿಸಿದರೆ ನಿಯಮ ಮುರಿದಂತೆ. ಪ್ರೊಫೈಲೇ ಅಮಾನತಾಗಬಹುದು.

ಹಾಗಾದರೆ ಮೊದಲ ತಿಂಗಳ ಕೆಲಸವೇನು? ಹಳ್ಳಿಯ ವಿಳಾಸದಲ್ಲಿ ಬೀದಿ, ಮನೆ ಸಂಖ್ಯೆ ಸರಿಯಾಗಿರುವುದಿಲ್ಲವಾದ್ದರಿಂದ ಮ್ಯಾಪಿನ ಪಿನ್ನು ಊರ ನಡುವೆಲ್ಲೋ ಬೀಳುತ್ತದೆ. ಅದನ್ನು ಕೈಯಾರೆ ಎಳೆದು ಅಂಗಡಿಯ ಬಾಗಿಲಿಗೇ ತಂದಿಡಬೇಕು. ಆಮೇಲೆ ದೃಢೀಕರಣ. ಗೂಗಲ್ ವಿಡಿಯೋ ಕೇಳಿದರೆ ರಸ್ತೆ, ಪಕ್ಕದ ಅಂಗಡಿ, ಬೋರ್ಡು, ಬಳಿಕ ಕೀಲಿ ತೆಗೆದು ಒಳಹೋಗುವುದು, ಒಲೆ, ಗಲ್ಲಾಪೆಟ್ಟಿಗೆ ಎಲ್ಲವನ್ನೂ ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಬೋರ್ಡೇ ಇಲ್ಲದ ಖಾನಾವಳಿ ಇಲ್ಲಿ ಸಿಕ್ಕಿಬೀಳುತ್ತದೆ. ಅಂಥವರು ಮೊದಲು ಪೇಂಟರನ್ನು ಕರೆಸುವುದು ವಾಸಿ.

“ಕೆಟ್ಟ ರಿವ್ಯೂ ಬಂದ್ರ ಅವ್ರು ಅಳಿಸಿ ಕೊಡ್ತಾರ್ರೀ.”

ಹೆಚ್ಚು ದುಡ್ಡು ಹಾಳಾಗುವುದು ಈ ನಂಬಿಕೆಯಿಂದ. ರಿವ್ಯೂ ಅಳಿಸುವ ಗುಂಡಿ ಅಂಗಡಿಯವರ ಬಳಿಯೂ ಇಲ್ಲ, ಏಜೆಂಟರ ಬಳಿಯೂ ಇಲ್ಲ. ಬೈಗುಳ, ಸುಳ್ಳು ಖಾತೆ, ಸಂಬಂಧವಿಲ್ಲದ ಮಾತು ಇದ್ದರೆ ದೂರು ಕೊಡಬಹುದು, ತೀರ್ಮಾನ ಗೂಗಲ್‌ದು.

ಒಂದು ಖಾನಾವಳಿಗೆ ಎಂಟು ಜನ ಐದೈದು ಸ್ಟಾರ್ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಂಬತ್ತನೆಯವರು “ತೆರೆದಿದೆ ಅಂತ ತೋರಿಸ್ತು, ಬಂದರೆ ಬಾಗಿಲು ಹಾಕಿತ್ತು” ಎಂದು ಬರೆದು ಒಂದು ಸ್ಟಾರ್ ಒತ್ತಿದರು. ಸರಾಸರಿ 5ರಿಂದ 4.6ಕ್ಕೆ ಇಳಿಯಿತು. ಬರೆದದ್ದು ನಿಜ, ಆದ್ದರಿಂದ ದೂರು ನಿಲ್ಲದು. ತಪ್ಪಿನ ಬೇರು ಬೇರೆಡೆ ಇದೆ: ಅವತ್ತು ಹುಣ್ಣಿಮೆ, ಮಾಲೀಕರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದರು, ಮ್ಯಾಪಿನಲ್ಲಿ ಆ ದಿನದ ರಜೆ ನಮೂದಾಗಿರಲಿಲ್ಲ. ತಿಂಗಳ ಸಂಬಳ ಪಡೆಯುವವರ ನಿಜವಾದ ಕೆಲಸ ಇದೇ. ಹುಣ್ಣಿಮೆ, ಜಾತ್ರೆ, ಅಕ್ಟೋಬರಿನ ಕಿತ್ತೂರು ಉತ್ಸವದ ದಿನಗಳ ವೇಳೆಯನ್ನು ಮೊದಲೇ ಹಾಕಬೇಕು. ಆ ಗ್ರಾಹಕರಿಗೆ, “ತಪ್ಪು ನಮ್ಮದು, ಅವತ್ತಿನ ರಜೆ ಹಾಕಿರಲಿಲ್ಲ, ಈಗ ಸರಿಪಡಿಸಿದ್ದೇವೆ” ಎಂದು ಎರಡು ಸಾಲು ಉತ್ತರ ಬರೆಯಬೇಕು. ಅವರು ಮನಸ್ಸು ಮಾಡಿದರೆ ಸ್ಟಾರನ್ನು ತಾವೇ ಬದಲಿಸಬಲ್ಲರು. ಬದಲಿಸದಿದ್ದರೂ ಇನ್ನು ಹನ್ನೊಂದು ಜನ ಉಂಡವರು ಐದೈದು ಕೊಟ್ಟರೆ ಸರಾಸರಿ 4.8.

ಆ ಹನ್ನೊಂದನ್ನು ಕೊಳ್ಳಬಾರದು. ರಿವ್ಯೂ ಬರೆದರೆ ಚಹಾ ಉಚಿತ ಎನ್ನುವುದೂ ನಿಷಿದ್ಧ, ಮೆಚ್ಚಿದವರನ್ನು ಮಾತ್ರ ಆರಿಸಿ ಕೇಳುವುದೂ ನಿಷಿದ್ಧ. ಸುಳ್ಳು ರಿವ್ಯೂ ಸಿಕ್ಕಿಬಿದ್ದರೆ ಗೂಗಲ್ ಅವನ್ನು ತೆಗೆಯುವುದಲ್ಲದೆ ಕೆಲಕಾಲ ಹೊಸ ರಿವ್ಯೂ ಬಾರದಂತೆ ತಡೆಯಬಹುದು, ಸುಳ್ಳು ರಿವ್ಯೂ ತೆಗೆಯಲಾಗಿದೆ ಎಂದು ಪ್ರೊಫೈಲಿನ ಮೇಲೇ ಸಾರಬಹುದು. ಗಲ್ಲಾದ ಮುಂದೆ ಕ್ಯೂಆರ್ ಅಂಟಿಸಿ, ಉಂಡ ಎಲ್ಲರಿಗೂ ಒಂದೇ ಮಾತು ಹೇಳಿದರೆ ಸಾಕು.

“ಅವರ ಮಾಡ್ಯಾರ, ಅವರ ಕಡೇನ ಇರ್ಲಿ.”

ನನಗೆ ಹೆಚ್ಚು ಕಳವಳ ತರುವ ಮಾತಿದು. ಏಜೆಂಟರು ತಮ್ಮದೇ ಜಿಮೇಲಿನಿಂದ ಪ್ರೊಫೈಲ್ ತೆರೆದರೆ ಮ್ಯಾಪಿನ ಲೆಕ್ಕದಲ್ಲಿ ಅಂಗಡಿಯ ಒಡೆಯರು ಅವರೇ. ತಿಂಗಳ ಹಣ ನಿಲ್ಲಿಸಿದ ದಿನ ಫೋನ್ ನಂಬರು ಬದಲಿಸಲೂ ನಿಮಗೆ ಅಧಿಕಾರವಿರುವುದಿಲ್ಲ. ಸಿಟ್ಟಿನಿಂದ ಇನ್ನೊಂದು ತೆರೆದರೆ ಅದು ನಕಲಿ ಪ್ರತಿಯಾಗಿ ಕಾಣುತ್ತದೆ, ಹಳೆಯ ರಿವ್ಯೂಗಳು ತಾವಾಗಿ ಜೊತೆಗೆ ಬರುವುದಿಲ್ಲ.

ಸರಿಯಾದ ಕ್ರಮ ಇಷ್ಟು: ಪ್ರೊಫೈಲನ್ನು ಮಾಲೀಕರ ಫೋನಿನಲ್ಲಿ, ಮಾಲೀಕರ ಜಿಮೇಲಿನಿಂದ ತೆರೆಯಬೇಕು. ಬಳಿಕ Business Profile settings ಒಳಗೆ People and access ಒತ್ತಿ, ಏಜೆಂಟರ ಜಿಮೇಲನ್ನು Manager ಆಗಿ ಸೇರಿಸಬೇಕು. ವೇಳೆ, ಫೋಟೋ, ಉತ್ತರ ಎಲ್ಲ ಅವರು ನೋಡಿಕೊಳ್ಳಬಲ್ಲರು, ಆದರೆ ಪ್ರೊಫೈಲನ್ನೇ ಅಳಿಸಲಾರರು. ಕೆಲಸ ಬೇಡವಾದ ದಿನ ಅದೇ ಪುಟದಲ್ಲಿ ಅವರ ಹೆಸರು ತೆಗೆದರಾಯಿತು. ಈಗಾಗಲೇ ಬೇರೆಯವರ ಕೈಗೆ ಹೋಗಿದ್ದರೆ ಗೂಗಲ್‌ನಲ್ಲೇ ಒಡೆತನಕ್ಕೆ ಕೋರಿಕೆ ಕಳಿಸಬಹುದು. ಹಿಡಿದುಕೊಂಡವರಿಗೆ ಉತ್ತರಿಸಲು ಮೂರು ದಿನದ ಗಡುವಿದೆ. ಅವರು ಸುಮ್ಮನಿದ್ದರೆ, ಅಂಗಡಿ ನಿಮ್ಮದೆಂದು ದೃಢೀಕರಿಸಿ ಪಡೆಯುವ ದಾರಿ ಸಿಗಬಹುದು.