ಅತಿ ಕೆಟ್ಟ ಕ್ಷಣದ ಲೆಕ್ಕ

1997ರ ಜುಲೈ 4ರಂದು ನಾಸಾದ ಮಾರ್ಸ್ ಪಾತ್‌ಫೈಂಡರ್ ಮಂಗಳದ ನೆಲ ಮುಟ್ಟಿತು. ಚಿತ್ರಗಳು ಬಂದವು, ಸೋಜರ್ನರ್ ಎಂಬ ಪುಟ್ಟ ಬಂಡಿ ಇಳಿದು ಓಡಾಡಿತು. ಹವಾಮಾನದ ಮಾಹಿತಿ ಕಲೆಹಾಕಲು ತೊಡಗಿದ ಮೇಲೆ ಮಾತ್ರ ನೌಕೆಯ ಕಂಪ್ಯೂಟರ್ ಆಗೊಮ್ಮೆ ಈಗೊಮ್ಮೆ ತನ್ನಷ್ಟಕ್ಕೆ ರೀಸೆಟ್ ಆಗತೊಡಗಿತು. ಹಾಗಾದ ದಿನ ಉಳಿದ ಕೆಲಸವೆಲ್ಲ ಮರುದಿನಕ್ಕೆ ಹೋಗುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ. ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂಬ ಲೆಕ್ಕ ತಪ್ಪಿತ್ತು.

ಆ ಕಂಪ್ಯೂಟರ್ ವಿಎಕ್ಸ್‌ವರ್ಕ್ಸ್ ಎಂಬ ಆರ್‌ಟಿಓಎಸ್ ಮೇಲೆ ನಡೆಯುತ್ತಿತ್ತು. ಆರ್‌ಟಿಓಎಸ್ ಎಂದರೆ ಕೆಲಸಗಳನ್ನು ಗೊತ್ತಾದ ಹೊತ್ತಿಗೆ ಮುಗಿಸಲು ನೆರವಾಗುವ ಸಣ್ಣ ಆಪರೇಟಿಂಗ್ ಸಿಸ್ಟಂ. ಇದರಲ್ಲಿ ಪ್ರೋಗ್ರಾಂ ಹಲವು ಟಾಸ್ಕ್‌ಗಳಾಗಿ ಹಂಚಿಹೋಗಿರುತ್ತದೆ, ಪ್ರತಿ ಟಾಸ್ಕ್‌ಗೂ ಒಂದು ಆದ್ಯತೆ ಇರುತ್ತದೆ. ಪ್ರೊಸೆಸರ್ ಒಂದೇ, ಓಡಲು ಸಿದ್ಧವಿರುವ ಟಾಸ್ಕ್‌ಗಳಲ್ಲಿ ಹೆಚ್ಚು ಆದ್ಯತೆಯದ್ದಕ್ಕೆ ಅದು ಸಿಗುತ್ತದೆ. ಕೆಳಗಿನದು ಅರ್ಧಕ್ಕೇ ನಿಂತು ದಾರಿ ಬಿಡಬೇಕು.

ಎರಡು ಟಾಸ್ಕ್‌ಗಳು ಒಂದೇ ವಸ್ತುವನ್ನು ಬಳಸುವಾಗ ಈ ಅರ್ಧಕ್ಕೆ ನಿಲ್ಲುವಿಕೆಯೇ ಅಪಾಯ. ಒಂದು ಬರೆಯುತ್ತಿರುವಾಗ ಇನ್ನೊಂದು ನಡುವೆ ನುಗ್ಗಿದರೆ ದತ್ತಾಂಶ ಕಲಸುಮೇಲೋಗರ. ಅದಕ್ಕೇ ಮ್ಯೂಟೆಕ್ಸ್. ವಠಾರದ ಒಂದೇ ಬಚ್ಚಲುಮನೆಯಂತೆ, ಒಳಗಿನಿಂದ ಚಿಲಕ ಹಾಕಿದವರೇ ಅದನ್ನು ತೆಗೆಯಬೇಕು; ಮಿಕ್ಕವರು ಹೊರಗೆ ಕಾಯಬೇಕು. ಹೀಗೆ ಹಿಡಿದಿರುವಷ್ಟು ಹೊತ್ತೂ ಮ್ಯೂಟೆಕ್ಸ್‌ಗೆ ಒಬ್ಬ ಒಡೆಯನಿರುತ್ತಾನೆ.

ಸೆಮಫೋರ್‌ಗೆ ಒಡೆಯನಿಲ್ಲ. ಅದು ಬರಿಯ ಎಣಿಕೆ. ಒಬ್ಬರು ಎಣಿಕೆ ಏರಿಸುತ್ತಾರೆ, ಇನ್ನೊಬ್ಬರು ಇಳಿಸುತ್ತಾರೆ, ಸೊನ್ನೆಯಾಗಿದ್ದರೆ ಇಳಿಸಬೇಕಾದವರು ಕಾಯುತ್ತಾರೆ. ಸೀರಿಯಲ್ ಪೋರ್ಟ್‌ಗೆ ದತ್ತಾಂಶ ಬಂದಾಗ ಇಂಟರಪ್ಟ್ ಒಂದು ಸೆಮಫೋರ್ ಏರಿಸುತ್ತದೆ. ಅದಕ್ಕಾಗಿ ಮಲಗಿದ್ದ ಟಾಸ್ಕ್ ಎದ್ದು ಓದಿಕೊಳ್ಳುತ್ತದೆ. ಸುದ್ದಿ ಮುಟ್ಟಿಸಲು ಸೆಮಫೋರ್, ಹಂಚಿಕೊಂಡ ವಸ್ತುವನ್ನು ಕಾಯಲು ಮ್ಯೂಟೆಕ್ಸ್ ಎಂಬುದು ಸರಳ ನಿಯಮ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ಪ್ರೋಗ್ರಾಂ ಬಹಳ ಕಾಲ ಸರಿಯಾಗಿಯೇ ಓಡಬಹುದು. ವ್ಯತ್ಯಾಸ ಕಾಣುವುದು ಪಾತ್‌ಫೈಂಡರ್‌ಗೆ ಬಂದಂಥ ಕ್ಷಣದಲ್ಲಿ.

ಅಲ್ಲಿ ನಡೆದದ್ದು ಹೀಗೆ. ಕಡಿಮೆ ಆದ್ಯತೆಯ ಹವಾಮಾನ ಟಾಸ್ಕ್ ಒಂದು ಮ್ಯೂಟೆಕ್ಸ್ ಹಿಡಿದಿತ್ತು. ಅದನ್ನು ಬಿಡುವ ಮೊದಲೇ ನಡು ಆದ್ಯತೆಯ ಟಾಸ್ಕ್‌ಗಳು ಎದ್ದು ಪ್ರೊಸೆಸರ್ ಕಿತ್ತುಕೊಂಡವು. ಆಗ ನೌಕೆಯ ಬಸ್‌ನಲ್ಲಿ ಬಂದ ಮಾಹಿತಿಯನ್ನು ಹಂಚುವ `bc_dist` ಎಂಬ ಹೆಚ್ಚು ಆದ್ಯತೆಯ ಟಾಸ್ಕ್‌ಗೆ ಅದೇ ಮ್ಯೂಟೆಕ್ಸ್ ಬೇಕಾಯಿತು. ಅದು ಕಾಯುತ್ತ ನಿಂತಿತು. ಮ್ಯೂಟೆಕ್ಸ್ ಬಿಡಬೇಕಾದ ಹವಾಮಾನ ಟಾಸ್ಕ್‌ಗೆ ಓಡಲು ಸರದಿಯಿಲ್ಲ. ಸರದಿ ಪಡೆದ ನಡುವಿನವುಗಳಿಗೆ ಈ ಮ್ಯೂಟೆಕ್ಸ್‌ನ ಸಂಬಂಧವೇ ಇಲ್ಲ. ಫಲವಾಗಿ ಮೇಲಿನ ಟಾಸ್ಕ್ ನಡುವಿನವುಗಳಿಗಾಗಿ ಕಾದಂತಾಯಿತು, ಆದ್ಯತೆ ತಲೆಕೆಳಗಾಯಿತು. ಬಸ್‌ನ ಸುತ್ತು ಸೆಕೆಂಡಿಗೆ 8 ಬಾರಿ ನಡೆಯುತ್ತಿತ್ತು. ಮುಂದಿನ ಸುತ್ತಿಗೆ ಎದ್ದ `bc_sched` ಟಾಸ್ಕ್, ಹಿಂದಿನ ಹಂಚಿಕೆ ಮುಗಿದಿಲ್ಲವೆಂದು ಕಂಡು ಕಂಪ್ಯೂಟರನ್ನೇ ರೀಸೆಟ್ ಮಾಡಿತು.

ಇದಕ್ಕೆ ಪರಿಹಾರ ಆದ್ಯತೆಯ ಆನುವಂಶಿಕತೆ. ಮೇಲಿನ ಟಾಸ್ಕ್ ಕಾಯತೊಡಗಿದ ಕೂಡಲೇ, ಮ್ಯೂಟೆಕ್ಸ್ ಹಿಡಿದಿರುವ ಕೆಳಗಿನದಕ್ಕೆ ತಾತ್ಕಾಲಿಕವಾಗಿ ಅದೇ ಆದ್ಯತೆ ಸಿಗುತ್ತದೆ. ನಡುವಿನವು ಅದನ್ನು ತಡೆಯಲಾರವು. ಅದು ಬೇಗ ಕೆಲಸ ಮುಗಿಸಿ ಮ್ಯೂಟೆಕ್ಸ್ ಬಿಟ್ಟು ತನ್ನ ಹಳೆಯ ಜಾಗಕ್ಕೆ ಇಳಿಯುತ್ತದೆ. ವಿಎಕ್ಸ್‌ವರ್ಕ್ಸ್‌ನಲ್ಲಿ ಈ ಸೌಲಭ್ಯ ಇತ್ತು, ಆ ಮ್ಯೂಟೆಕ್ಸ್‌ಗೆ ಚಾಲೂ ಆಗಿರಲಿಲ್ಲ, ಅಷ್ಟೆ. ಭೂಮಿಯ ಮೇಲಿದ್ದ ನೌಕೆಯ ಪ್ರತಿಕೃತಿಯಲ್ಲಿ ಎಂಜಿನಿಯರುಗಳು ಅದೇ ತೊಂದರೆಯನ್ನು ಮರಳಿ ಬರಿಸಿ, ಕಾರಣ ಹಿಡಿದು, ಮಂಗಳಕ್ಕೆ ತಿದ್ದುಪಡಿ ಕಳಿಸಿದರು.

ಇಂದು ಬಹಳ ಬಳಕೆಯಲ್ಲಿರುವ ಫ್ರೀಆರ್‌ಟಿಓಎಸ್‌ನಲ್ಲಿ `xSemaphoreCreateMutex()` ಕೊಡುವ ಮ್ಯೂಟೆಕ್ಸ್‌ಗೆ ಈ ಆನುವಂಶಿಕತೆ ಇದೆ. `xSemaphoreCreateBinary()` ಕೊಡುವ ಸೆಮಫೋರ್‌ಗೆ ಇಲ್ಲ. ಒಡೆಯನೇ ಇಲ್ಲದ ಮೇಲೆ ಆದ್ಯತೆಯನ್ನು ಯಾರಿಗೆ ಕೊಡುವುದು? ಆದರೆ ಆನುವಂಶಿಕತೆ ಕಾಯುವಿಕೆಯನ್ನೇ ಅಳಿಸದು. ಒಡೆಯ ಚಿಲಕ ಹಾಕಿ ಎಷ್ಟು ಹೊತ್ತು ಒಳಗಿರುತ್ತಾನೋ ಅಷ್ಟು ಹೊತ್ತು ಕಾಯಲೇಬೇಕು. ಆದ್ದರಿಂದ ಮ್ಯೂಟೆಕ್ಸ್ ಹಿಡಿದುಕೊಂಡು ಮೆಮೊರಿ ಕಾರ್ಡ್‌ಗೆ ಬರೆಯುವಂಥ ನಿಧಾನದ ಕೆಲಸ ಮಾಡಬಾರದು. ಬೇಕಾದದ್ದನ್ನು ನಕಲು ಮಾಡಿಕೊಂಡು ಬಿಟ್ಟುಬಿಡಬೇಕು.

ಕಾಲದ ವಿಷಯದಲ್ಲಿ ಅಪರೂಪದ ಒಂದು ಕ್ಷಣ ಕೆಡಿಸುವಂತೆ ಜಾಗದ ವಿಷಯದಲ್ಲೂ ಕೆಡಿಸುತ್ತದೆ. ಪ್ರತಿ ಟಾಸ್ಕ್‌ಗೂ ಸ್ಟ್ಯಾಕ್ ಎಂಬ ತನ್ನದೇ ಮೆಮೊರಿ ಇರುತ್ತದೆ. ಫಂಕ್ಷನ್ ಒಳಗೊಂದು ಫಂಕ್ಷನ್ ಕರೆದಂತೆ ಅದು ತುಂಬುತ್ತದೆ, ಹಿಂತಿರುಗಿದಂತೆ ಖಾಲಿಯಾಗುತ್ತದೆ. ಗಾತ್ರವನ್ನು ಟಾಸ್ಕ್ ಹುಟ್ಟಿಸುವಾಗಲೇ ಹೇಳಬೇಕು, ಆಮೇಲೆ ಬೆಳೆಸಲಾಗದು. ಕಡಿಮೆಯಾದರೆ ಪಕ್ಕದ ಮೆಮೊರಿಯನ್ನು ತುಳಿಯುತ್ತದೆ. ಆಗ ಕೆಡುವುದು ಹೆಚ್ಚಾಗಿ ಏನೂ ತಪ್ಪು ಮಾಡದ ಇನ್ನೊಂದು ಟಾಸ್ಕ್. ಹೆಚ್ಚಾಗಿ ಕೊಟ್ಟರೆ ಇರುವ ಸ್ವಲ್ಪ ರ್‍ಯಾಮ್ ವ್ಯರ್ಥ.

ಕಾರ್ಟೆಕ್ಸ್-ಎಂ4 ಚಿಪ್‌ನ ಒಂದು ಸಾಧನದಲ್ಲಿ ಉಷ್ಣತೆಯ ಅಳತೆಗಳನ್ನು ಕಾರ್ಡ್‌ಗೆ ಬರೆಯುವ ಟಾಸ್ಕ್ ಇದೆಯೆಂದು ಇಟ್ಟುಕೊಳ್ಳಿ.

```c
xTaskCreate(vLogTask, "log", 512, NULL, 1, &hLog);
left = uxTaskGetStackHighWaterMark(hLog);
```

ಇಲ್ಲಿನ 512 ಬೈಟ್‌ಗಳಲ್ಲ, ವರ್ಡ್‌ಗಳು. ಈ ಚಿಪ್‌ನಲ್ಲಿ ವರ್ಡ್‌ಗೆ 4 ಬೈಟ್, ಅಂದರೆ 2048 ಬೈಟ್. ಇಎಸ್‌ಪಿ32 ಚಿಪ್‌ನ ಫ್ರೀಆರ್‌ಟಿಓಎಸ್‌ನಲ್ಲಾದರೆ ಅದೇ ಸಂಖ್ಯೆ ಬೈಟ್‌ಗಳ ಲೆಕ್ಕ. ಒಂದರಿಂದ ಇನ್ನೊಂದಕ್ಕೆ ಕೋಡ್ ಒಯ್ಯುವಾಗ ಹಲವರು ಎಡವುವುದು ಇಲ್ಲೇ. ಆರ್‌ಟಿಓಎಸ್ ಸ್ಟ್ಯಾಕನ್ನು ಮೊದಲೇ 0xA5 ಎಂಬ ಗುರುತಿನಿಂದ ತುಂಬಿರುತ್ತದೆ. ಎರಡನೆಯ ಸಾಲು, ಈವರೆಗೆ ಒಮ್ಮೆಯೂ ಅಳಿಯದ ಗುರುತು ತುದಿಯಲ್ಲಿ ಎಷ್ಟು ವರ್ಡ್ ಉಳಿದಿದೆ ಎಂದು ಹೇಳುತ್ತದೆ.

ಒಂದು ದಿನ ಓಡಿಸಿದಾಗ 190 ಉಳಿದಿದೆ ಎನ್ನೋಣ. ಬಳಕೆ 322. ಕಾಲು ಭಾಗ ಸೇರಿಸಿ 402 ಕೊಟ್ಟರೆ ಸಾಕೆನಿಸುತ್ತದೆ. ಆದರೆ ಆ ದಿನ ಎಲ್ಲವೂ ಸುಸೂತ್ರವಾಗಿತ್ತು. ಬರೆಯುವ ನಡುವೆ ಕಾರ್ಡ್ ಕಿತ್ತು ನೋಡಿದರೆ, ದೋಷದ ಸಂದೇಶವನ್ನು `snprintf` ರೂಪಿಸುವ ದಾರಿ ಆಳಕ್ಕಿಳಿದು ಉಳಿಕೆ 118ಕ್ಕೆ ಬರುತ್ತದೆ. ಬಳಕೆ 394. 402ರಲ್ಲಿ ಇನ್ನೂ 8 ವರ್ಡ್ ಮಿಕ್ಕಂತೆ ಕಾಣುತ್ತದೆ. ಆದರೆ ಅದೇ ತಳ ಮುಟ್ಟಿದ ಕ್ಷಣದಲ್ಲಿ ಬೇರೆ ಟಾಸ್ಕ್ ಬಂದು ಇದನ್ನು ನಿಲ್ಲಿಸಿದರೆ, ಪ್ರೊಸೆಸರ್‌ನ ರಿಜಿಸ್ಟರ್‌ಗಳನ್ನೆಲ್ಲ ಈ ಸ್ಟ್ಯಾಕ್‌ನಲ್ಲೇ ಇಡಬೇಕು. ದಶಮಾಂಶ ಲೆಕ್ಕದ ರಿಜಿಸ್ಟರ್‌ಗಳೂ ಸೇರಿ ಅದು 51 ವರ್ಡ್. ಪರೀಕ್ಷೆಯಲ್ಲಿ ಆ ಎರಡೂ ಒಟ್ಟಿಗೆ ಆಗದಿದ್ದರೆ ಅಳತೆಯಲ್ಲಿ ಅದು ಸೇರಿರುವುದೇ ಇಲ್ಲ. 394ಕ್ಕೆ 51 ಕೂಡಿಸಿದರೆ 445; 402 ಸಾಲದು. ಅದರ ಮೇಲೆ ಸುಮಾರು ಶೇ. 15 ಅಂತರ ಇಟ್ಟರೆ 512. ಮೊದಲು ದುಂದು ಎನಿಸಿದ್ದ ಗಾತ್ರವೇ ತಕ್ಕ ಗಾತ್ರ.

`configCHECK_FOR_STACK_OVERFLOW` ಅನ್ನು 2 ಎಂದಿಟ್ಟರೆ, ಟಾಸ್ಕ್ ಬದಲಾಗುವಾಗಲೆಲ್ಲ ಸ್ಟ್ಯಾಕ್‌ನ ತುದಿಯ ಗುರುತು ಅಳಿದಿದೆಯೇ ಎಂದು ಆರ್‌ಟಿಓಎಸ್ ನೋಡುತ್ತದೆ. ಇದು ಒಳ್ಳೆಯ ಕಾವಲು, ಆದರೆ ಹಾನಿಯಾದ ಮೇಲೆ ಕೂಗುವ ಕಾವಲು. ದೊಡ್ಡ ಅರೇ ಒಂದು ಗುರುತನ್ನು ಮುಟ್ಟದೆ ಹಾರಿ ಆಚೆ ಬರೆದರೆ ಅದಕ್ಕೆ ತಿಳಿಯುವುದೂ ಇಲ್ಲ. ಜಿಸಿಸಿ ಕಂಪೈಲರ್‌ಗೆ `-fstack-usage` ಕೊಟ್ಟರೆ ಪ್ರತಿ ಫಂಕ್ಷನ್‌ನ ಬಳಕೆ ಬರೆದುಕೊಡುತ್ತದೆ; ಮೊದಲೇ ಕಂಪೈಲ್ ಆದ ಲೈಬ್ರರಿಗಳ ಒಳಗನ್ನು ಅದು ಕಾಣದು. ಹಾಗಾಗಿ ಆ ಪಟ್ಟಿಯಿಂದ ಅತಿ ಆಳದ ದಾರಿ ಯಾವುದೆಂದು ಹುಡುಕಿ, ಬೇಕೆಂದೇ ಆ ದಾರಿಯಲ್ಲಿ ಓಡಿಸಿ ಅಳೆಯುವುದು ಕ್ರಮ. ಕಂಪೈಲರ್‌ನ ಆಪ್ಟಿಮೈಸೇಶನ್ ಬದಲಿಸಿದರೆ ಅಥವಾ ಸಂದೇಶಕ್ಕೆ ಒಂದು `%f` ಸೇರಿಸಿದರೆ ಹಳೆಯ ಅಳತೆಗೆ ಬೆಲೆಯಿಲ್ಲ. ಕಾರ್ಡನ್ನು ಇನ್ನೊಮ್ಮೆ ಕೀಳಬೇಕು.