ಪಾಳಿ ಬದಲಾವಣೆಯ ಟಿಪ್ಪಣಿಯಲ್ಲಿ ತಡೆದ ಔಷಧ

ವನಗೂರಿನ ಕಡೆಯ ವೃದ್ಧನೊಬ್ಬನು ಹೃದಯದೌರ್ಬಲ್ಯದಿಂದಲೂ ಶ್ವಾಸಕೋಶದ ಸೋಂಕಿನಿಂದಲೂ ಆಸ್ಪತ್ರೆ ಸೇರಿದ್ದಾನೆಂದು ಭಾವಿಸೋಣ. ರಾತ್ರಿ 8 ಗಂಟೆಗೆ ಹಗಲಿನ ದಾದಿಯು ಹೀಗೆ ಬರೆದಿಡುತ್ತಾಳೆ:

"ರಾತ್ರಿ 10: ಸೆಫ್ಟ್ರಿಯಾಕ್ಸೋನ್ 1 ಗ್ರಾಂ, ರಕ್ತನಾಳಕ್ಕೆ. ಬೆಳಿಗ್ಗೆ 6: ಫ್ಯೂರೋಸಮೈಡ್ 40 ಮಿ.ಗ್ರಾಂ, ಬಾಯಿಗೆ. ಸಂಜೆ 6ರ ಡಿಜಾಕ್ಸಿನ್ 0.125 ಮಿ.ಗ್ರಾಂ ಕೊಟ್ಟಿಲ್ಲ, 5.50ಕ್ಕೆ ಪೂರ್ಣ ಒಂದು ನಿಮಿಷ ಎಣಿಸಿದಾಗ ಹೃದಯಬಡಿತ 52. ವೈದ್ಯರಿಗೆ 6.05ಕ್ಕೆ ತಿಳಿಸಿದೆ. ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಹೋಗಿದೆ. ವೈದ್ಯರ ಹೊಸ ಆದೇಶವಿಲ್ಲದೆ ಕೊಡಕೂಡದು."

ಕೊನೆಯ ವಾಕ್ಯವೇ ಮುಖ್ಯವೆಂದು ನಮ್ಮ ಅಭಿಪ್ರಾಯ. 'ತಡೆಯಲಾಗಿದೆ' ಎಂದಷ್ಟೇ ಬರೆದರೆ, ನಮ್ಮ ಭಾಷೆಯಲ್ಲಿ ಅದು 'ಸ್ವಲ್ಪ ತಡವಾಗಿ ಕೊಡಿ' ಎಂಬ ಅರ್ಥಕ್ಕೂ ಎಡೆಮಾಡುತ್ತದೆ. ಪಟ್ಟಿಯ ಆ ಕಲಂ ಬರಿದಾಗಿದ್ದರಂತೂ ಮರೆತುಹೋಯಿತೆಂದು ರಾತ್ರಿಯ ದಾದಿ ಕೊಟ್ಟುಬಿಡಬಹುದು.

ಡಿಜಾಕ್ಸಿನ್ ಹೃದಯಬಡಿತವನ್ನು ನಿಧಾನಗೊಳಿಸುತ್ತದೆ. ವಯಸ್ಕರಲ್ಲಿ ಬಡಿತ 60ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಅದನ್ನು ಕೊಡದೆ ವೈದ್ಯರನ್ನು ಕೇಳುವುದು ವಾಡಿಕೆ. ಮೂತ್ರಪಿಂಡ ಸರಿಯಿದ್ದರೂ ಅದರ ಅರ್ಧಾಂಶ ಹೊರಹೋಗಲು ಸುಮಾರು ಒಂದೂವರೆ ದಿನ ಬೇಕು. ಮುಪ್ಪಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಒಂದು ಸಲ ಬಿಟ್ಟರೆ ಹಾನಿ ಅಲ್ಪ, ತಪ್ಪಿ ಕೊಟ್ಟರೆ ಅಧಿಕ.

ಬೆಳಗಿನ ಫ್ಯೂರೋಸಮೈಡ್ ಕೂಡ ಈ ವಿಷಯಕ್ಕೆ ಸೇರಿದ್ದೇ. ಅದು ಪೊಟ್ಯಾಸಿಯಂ ಅನ್ನು ಇಳಿಸುತ್ತದೆ. ಪೊಟ್ಯಾಸಿಯಂ ಇಳಿದಷ್ಟೂ ಡಿಜಾಕ್ಸಿನ್ ವಿಷವಾಗುವ ಸಂಭವ ಹೆಚ್ಚು. ರಕ್ತಪರೀಕ್ಷೆಯ ಫಲವನ್ನು 6 ಗಂಟೆಗೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಅಷ್ಟರಲ್ಲಿ ರೋಗಿಯು ವಾಕರಿಕೆಯೆಂದಾಗಲಿ, ದೀಪದ ಸುತ್ತ ಹಳದಿ ಕಾಣುತ್ತದೆಯೆಂದಾಗಲಿ ಹೇಳಿದರೆ, ಬೆಳಗಿನವರೆಗೆ ಕಾಯದೆ ಕರೆಯಬೇಕು.